ಗ್ರಹಣದ ರಾತ್ರಿಗೆ ಒಂದೇ ಸಂಖ್ಯೆ: ಜೂಲಿಯನ್ ದಿನ ಎಣಿಸುವುದು ಏನನ್ನು?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣವನ್ನು ಗೆಳೆಯರ ಜೊತೆ ಮಹಡಿ ಮೇಲಿಂದ ನೋಡಿದೆ. ಸ್ಪರ್ಶ ರಾತ್ರಿ 9:57ಕ್ಕೆ, ಮೋಕ್ಷ 1:26ಕ್ಕೆ ಎಂದು ಬರೆದುಕೊಂಡೆವು. ಪ್ರಾಜೆಕ್ಟ್‌ಗೆ ಇದನ್ನು ಜೂಲಿಯನ್ ದಿನ ಸಂಖ್ಯೆಯಲ್ಲಿ ಕೊಡಬೇಕಂತೆ. ಸ್ಪರ್ಶಕ್ಕೆ ನನಗೆ 2460926.4146 ಬಂತು. ಗೆಳೆಯನಿಗೆ 2460925.6854 ಬಂತು. ಆನ್‌ಲೈನ್ ಕ್ಯಾಲ್ಕುಲೇಟರ್ 2460926.1854 ಅಂತು. ಯಾವುದು ಸರಿ? ಅಷ್ಟಕ್ಕೂ ಈ ಸಂಖ್ಯೆ ಏನನ್ನು ಎಣಿಸುತ್ತದೆ?

ಉತ್ತರ: ಕ್ಯಾಲ್ಕುಲೇಟರ್ ಹೇಳಿದ್ದು ಸರಿ. ಆದರೆ ನಿಮ್ಮಿಬ್ಬರ ಉತ್ತರಗಳನ್ನು ಈಗಲೇ ಹೊಡೆದು ಹಾಕಬೇಡಿ. ಎಷ್ಟು ತಪ್ಪಿದೆ ಎಂದು ನೋಡಿದರೆ ಯಾಕೆ ತಪ್ಪಿದೆ ಎನ್ನುವುದೂ ಗೊತ್ತಾಗುತ್ತದೆ.

ನಿಮ್ಮ ಉತ್ತರದಿಂದ ಸರಿಯಾದ ಉತ್ತರವನ್ನು ಕಳೆಯಿರಿ. 0.2292 ಉಳಿಯುತ್ತದೆ. ಇದು ದಿನದ ಭಾಗ. 24ರಿಂದ ಗುಣಿಸಿದರೆ ಐದೂವರೆ ಗಂಟೆ. ಅಂದರೆ ನೀವು ನಮ್ಮ ಗಡಿಯಾರದ ಸಮಯವನ್ನೇ ಗ್ರೀನಿಚ್ ಸಮಯ ಎಂದುಕೊಂಡು ಲೆಕ್ಕ ಮಾಡಿದ್ದೀರಿ. ನಿಮ್ಮ ಗೆಳೆಯ ಐದೂವರೆ ಗಂಟೆ ಸರಿಯಾಗಿ ಕಳೆದಿದ್ದಾರೆ. ಆದರೆ ಅವರ ಉತ್ತರ ಸರಿಯಾದದ್ದಕ್ಕಿಂತ ನಿಖರವಾಗಿ 0.5 ಕಡಿಮೆ ಇದೆ. ದಿನ ನಡುರಾತ್ರಿಗೆ ಶುರುವಾಗುತ್ತದೆ ಎಂದು ಅವರು ಅಂದುಕೊಂಡಿದ್ದೇ ಇದಕ್ಕೆ ಕಾರಣ. ಈ ಎಣಿಕೆಯಲ್ಲಿ ದಿನ ಶುರುವಾಗುವುದು ನಡುಹಗಲಿಗೆ. ಅದೂ ಗ್ರೀನಿಚ್‌ನ ನಡುಹಗಲಿಗೆ.

ಎಣಿಕೆ ಇಷ್ಟೇ. ಕ್ರಿಸ್ತಪೂರ್ವ 4713ರ ಜನವರಿ 1, ಸೋಮವಾರ, ಗ್ರೀನಿಚ್‌ನಲ್ಲಿ ಮಧ್ಯಾಹ್ನ 12 ಗಂಟೆ. ಆ ಕ್ಷಣಕ್ಕೆ ಸೊನ್ನೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ದಿನ ಕಳೆದಿದೆ ಎನ್ನುವುದೇ ಜೂಲಿಯನ್ ದಿನ ಸಂಖ್ಯೆ. ಇದರಲ್ಲಿ ತಿಂಗಳಿಲ್ಲ, ವರ್ಷವಿಲ್ಲ, ಅಧಿಕ ವರ್ಷವೂ ಇಲ್ಲ. 2460926 ಎಂದರೆ ಅಂದಿನಿಂದ ಅಷ್ಟು ದಿನ ಪೂರ್ತಿ ಮುಗಿದಿದೆ ಎಂದರ್ಥ. ಚುಕ್ಕೆಯ ನಂತರ ಇರುವ .1854 ಮುಂದಿನ ದಿನದಲ್ಲಿ ಎಷ್ಟು ಭಾಗ ಕಳೆದಿದೆ ಎಂದು ಹೇಳುತ್ತದೆ. ಹಾಗಾಗಿ .5 ಬಂದರೆ ಅದು ನಡುಹಗಲಲ್ಲ, ಗ್ರೀನಿಚ್‌ನ ನಡುರಾತ್ರಿ. ಮೊದಲ ಸಲ ನೋಡುವವರೆಲ್ಲ ಇಲ್ಲೇ ಎಡವುತ್ತಾರೆ.

ಗ್ರೀನಿಚ್‌ನ ಮಧ್ಯಾಹ್ನ 12 ಎಂದರೆ ನಮಗೆ ಸಂಜೆ 5:30. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಸಂಜೆ ಐದೂವರೆಗೆ ಈ ಸಂಖ್ಯೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮತ್ತೆ ಮರುದಿನ ಸಂಜೆ ಐದೂವರೆಗೇ ಬದಲಾಗುವುದು. ಇದನ್ನು ಹಿಡಿದುಕೊಂಡರೆ ನಮಗೆ ಲೆಕ್ಕ ತುಂಬಾ ಸುಲಭ. ಗ್ರೀನಿಚ್ ಸಮಯಕ್ಕೆ ಬದಲಾಯಿಸುವ ಗೋಜೇ ಬೇಡ. ಸಂಜೆ 5:30ರಿಂದ ಎಷ್ಟು ಹೊತ್ತಾಯಿತು ಎಂದು ಎಣಿಸಿ, ಗಂಟೆಯನ್ನು 24ರಿಂದ ಭಾಗಿಸಿ. ಚುಕ್ಕೆಯ ನಂತರದ ಭಾಗ ಸಿಕ್ಕಿತು.

ನಿಮ್ಮ ಗ್ರಹಣವನ್ನೇ ಹಾಕೋಣ. ಮೊದಲು ಪೂರ್ಣಾಂಕ ಬೇಕು. ಅದಕ್ಕೆ ಒಂದು ಗೊತ್ತಿರುವ ಗೂಟ ಸಾಕು: 2000ದ ಜನವರಿ 1ರ ಸಂಜೆ 5:30ಕ್ಕೆ 2451545. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ. ಅಲ್ಲಿಂದ 2025ರ ಜನವರಿ 1ಕ್ಕೆ 25 ವರ್ಷ. 365ರಂತೆ 9125 ದಿನ. ನಡುವೆ 2000, 2004, 2008, 2012, 2016, 2020, 2024 ಅಧಿಕ ವರ್ಷಗಳು, ಏಳು ದಿನ ಜಾಸ್ತಿ. ಒಟ್ಟು 9132. ಹಾಗಾಗಿ 2025ರ ಜನವರಿ 1ರ ಸಂಜೆಗೆ 2460677. ಸೆಪ್ಟೆಂಬರ್ 7 ಆ ವರ್ಷದ 250ನೇ ದಿನ. ಅಂದರೆ ಜನವರಿ 1 ಕಳೆದು 249 ದಿನ. ಕೂಡಿದರೆ 2460926.

ಇನ್ನು ಸ್ಪರ್ಶ. ಐದೂವರೆಯಿಂದ 9:57ಕ್ಕೆ 4 ಗಂಟೆ 27 ನಿಮಿಷ, ಅಂದರೆ 4.45 ಗಂಟೆ. 24ರಿಂದ ಭಾಗಿಸಿದರೆ 0.1854. ಸ್ಪರ್ಶ ಕಾಲ 2460926.1854.

ಮೋಕ್ಷ ಆಗುವಷ್ಟರಲ್ಲಿ ನಡುರಾತ್ರಿ ಕಳೆದಿತ್ತು. ನಮ್ಮ ಕ್ಯಾಲೆಂಡರಿನಲ್ಲಿ ಅದು ಸೆಪ್ಟೆಂಬರ್ 8, ಸೋಮವಾರ. ಆದರೆ ಈ ಎಣಿಕೆಗೆ ಏನೂ ಬದಲಾಗಿಲ್ಲ, ಪೂರ್ಣಾಂಕ ಅದೇ 2460926. ಐದೂವರೆಯಿಂದ 1:26ಕ್ಕೆ 7 ಗಂಟೆ 56 ನಿಮಿಷ. ಭಾಗಿಸಿದರೆ 0.3306. ಮೋಕ್ಷ ಕಾಲ 2460926.3306. ಒಂದರಿಂದ ಇನ್ನೊಂದನ್ನು ಕಳೆದರೆ 0.1452 ದಿನ. ಗುಣಿಸಿ ನೋಡಿ, 3 ಗಂಟೆ 29 ನಿಮಿಷ. ಚಂದ್ರನ ಮೇಲೆ ಭೂಮಿಯ ದಟ್ಟ ನೆರಳು ಇದ್ದದ್ದು ಅಷ್ಟೇ ಹೊತ್ತು.

ಇಲ್ಲಿ ಒಂದು ಎಚ್ಚರಿಕೆ. ನಿಮ್ಮ ವಿಧಾನದಲ್ಲಿ ಐದೂವರೆ ಗಂಟೆ ಕಳೆಯದಿದ್ದರೂ ಅವಧಿ ಸರಿಯಾಗಿಯೇ ಬರುತ್ತದೆ. ಎರಡೂ ಕಡೆ ಒಂದೇ ತಪ್ಪು ಇರುವುದರಿಂದ ಕಳೆದಾಗ ಅದು ಹೊರಟುಹೋಗುತ್ತದೆ. ಹಾಗಾಗಿ ಅವಧಿ ಸರಿ ಬಂತು, ಲೆಕ್ಕವೂ ಸರಿ ಎಂದು ನಂಬಬೇಡಿ. ನಿಮ್ಮ ಸಮಯವನ್ನು ಬೇರೆ ಊರಿನವರ, ಬೇರೆ ದೇಶದವರ ಸಮಯದ ಪಕ್ಕ ಇಟ್ಟಾಗ ಮಾತ್ರ ತಪ್ಪು ಎದ್ದು ಕಾಣುತ್ತದೆ. ಈ ಸಂಖ್ಯೆ ಇರುವುದೇ ಅದಕ್ಕೆ ಅಲ್ವಾ? ದಾವಣಗೆರೆಯಲ್ಲಿ ಬರೆದದ್ದೂ ಚಿಲಿಯಲ್ಲಿ ಬರೆದದ್ದೂ ಒಂದೇ ಸಾಲಿನಲ್ಲಿ ಕೂರಬೇಕು.

ನಡುಹಗಲು ಎಂದ ಕೂಡಲೇ ಕೆಲವರು ತಮ್ಮ ಊರಿನ ನೆತ್ತಿ ಮೇಲಿನ ಸೂರ್ಯನನ್ನು ಯೋಚಿಸುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ದಾವಣಗೆರೆ ಇರುವುದು ಸುಮಾರು 76 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿಯ ಲೆಕ್ಕದಲ್ಲಿ. ಹಾಗಾಗಿ ನಿಮ್ಮಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ಹನ್ನೆರಡೂಕಾಲು, ಹನ್ನೆರಡೂವರೆಯ ಆಸುಪಾಸಿಗೆ. ಆ ಹೊತ್ತಿಗೆ ಚುಕ್ಕೆಯ ನಂತರ .79 ಹತ್ತಿರ ನಡೆಯುತ್ತಿರುತ್ತದೆ.

ನಡುಹಗಲೇ ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಗಲಿನಲ್ಲಿ ಕೆಲಸ ಮಾಡುವವರಿಗೆ ನಡುರಾತ್ರಿಗೆ ತಾರೀಖು ಬದಲಾದರೆ ಅನುಕೂಲ. ರಾತ್ರಿಯೆಲ್ಲ ಎದ್ದು ಕೂರುವ ಖಗೋಳ ವೀಕ್ಷಕರಿಗೆ ಅದೇ ದೊಡ್ಡ ತೊಂದರೆ. ಒಂದೇ ರಾತ್ರಿಯ ಟಿಪ್ಪಣಿ ಎರಡು ತಾರೀಖಿಗೆ ಹರಿದುಹೋಗುತ್ತದೆ. ಹಾಗಾಗಿ ಎರಡನೇ ಶತಮಾನದ ಟಾಲೆಮಿಯ ಕಾಲದಿಂದಲೂ ಖಗೋಳದವರು ದಿನವನ್ನು ನಡುಹಗಲಿನಿಂದ ಎಣಿಸುತ್ತಿದ್ದರು. 1925ರಲ್ಲಿ ಅವರು ತಮ್ಮ ತಾರೀಖನ್ನು ಉಳಿದವರಂತೆ ನಡುರಾತ್ರಿಗೆ ತಂದುಕೊಂಡರು. ಆದರೆ ಜೂಲಿಯನ್ ದಿನವನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಹಳೆಯ ದಾಖಲೆಗಳಿಗೂ ಹೊಸವಕ್ಕೂ ನಡುವೆ ಅರ್ಧ ದಿನದ ಬಿರುಕು ಬೀಳುತ್ತಿತ್ತು. ಗ್ರೀನಿಚ್‌ಗೆ ಹಿಡಿಸಿದ ಈ ವ್ಯವಸ್ಥೆ ನಮ್ಮ ಅದೃಷ್ಟಕ್ಕೆ ನಮಗೂ ಒಪ್ಪುತ್ತದೆ. ಕರ್ನಾಟಕದಲ್ಲಿ ಐದೂವರೆಗೆ ಇನ್ನೂ ಬೆಳಕಿರುತ್ತದೆ. ಆಮೇಲೆ ಬರುವ ಇಡೀ ರಾತ್ರಿ ಒಂದೇ ಸಂಖ್ಯೆಯೊಳಗೆ ಇರುತ್ತದೆ. ಅಮೆರಿಕದ ಪಶ್ಚಿಮ ತೀರದವರಿಗೆ ಈ ಸೌಕರ್ಯವಿಲ್ಲ. ಅಲ್ಲಿ ಸಂಖ್ಯೆ ಬದಲಾಗುವುದು ಬೆಳಗಿನ ಜಾವ.

ಈಗ ಆ ಕ್ರಿಸ್ತಪೂರ್ವ 4713. ಅಂದು ಆಕಾಶದಲ್ಲಿ ಏನೋ ವಿಶೇಷ ನಡೆದಿತ್ತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಅದು ಲೆಕ್ಕದಿಂದ ಹುಟ್ಟಿದ ವರ್ಷ.

1583ರಲ್ಲಿ ಜೋಸೆಫ್ ಸ್ಕ್ಯಾಲಿಜರ್ ಎಂಬ ಫ್ರಾನ್ಸಿನ ವಿದ್ವಾಂಸರು ಹಳೆಯ ರಾಜ್ಯಗಳ ಕಾಲಗಣನೆಗಳನ್ನೆಲ್ಲ ಒಂದೇ ಸಾಲಿಗೆ ತರಲು ಹೊರಟರು. ಆಗ ಯುರೋಪಿನಲ್ಲಿ ವರ್ಷಗಳನ್ನು ಗುರುತಿಸಲು ಮೂರು ಚಕ್ರಗಳು ಬಳಕೆಯಲ್ಲಿದ್ದವು. ಒಂದು 28 ವರ್ಷದ್ದು, ಹಳೆಯ ಜೂಲಿಯನ್ ಪಂಚಾಂಗದಲ್ಲಿ ವಾರ ಮತ್ತು ತಾರೀಖು ಮತ್ತೆ ಅದೇ ಕ್ರಮಕ್ಕೆ ಬರುವ ಅವಧಿ. ಇನ್ನೊಂದು 19 ವರ್ಷದ್ದು, ಹುಣ್ಣಿಮೆ ಅಮಾವಾಸ್ಯೆಗಳು ಹೆಚ್ಚುಕಡಿಮೆ ಅದೇ ತಾರೀಖಿಗೆ ಮರಳುವ ಅವಧಿ. ಮೂರನೆಯದು 15 ವರ್ಷದ್ದು, ರೋಮನ್ನರ ತೆರಿಗೆಯ ಚಕ್ರ. ನಮ್ಮ ಸಂವತ್ಸರಗಳ ಹಾಗೆಯೇ. ವಿಶ್ವಾವಸು ಸಂವತ್ಸರ ಎಂದರೆ 2025ರಲ್ಲಿ ಶುರುವಾದದ್ದೋ 1965ರಲ್ಲಿ ಶುರುವಾದದ್ದೋ ಹೆಸರೊಂದರಿಂದಲೇ ಹೇಳಲಾಗದು, 60 ವರ್ಷಕ್ಕೆ ಅದೇ ಹೆಸರು ಮತ್ತೆ ಬರುತ್ತದೆ. ಆದರೆ ಮೂರು ಬೇರೆ ಬೇರೆ ಚಕ್ರಗಳಲ್ಲಿ ಒಂದು ವರ್ಷದ ಸ್ಥಾನ ಹೇಳಿದರೆ ಅದೇ ಜೋಡಣೆ ಬೇಗ ಮರಳುವುದಿಲ್ಲ. 28, 19, 15ನ್ನು ಗುಣಿಸಿದರೆ 7980. ಅಷ್ಟು ವರ್ಷಕ್ಕೊಮ್ಮೆ ಮಾತ್ರ ಮೂರೂ ಒಟ್ಟಿಗೆ ಒಂದನೇ ವರ್ಷದಲ್ಲಿರುತ್ತವೆ.

ಕ್ರಿಸ್ತಶಕ 1ನೇ ವರ್ಷ ಈ ಮೂರು ಚಕ್ರಗಳಲ್ಲಿ ಕ್ರಮವಾಗಿ 10ನೇ, 2ನೇ ಮತ್ತು 4ನೇ ವರ್ಷ. ಅಲ್ಲಿಂದ ಹಿಂದೆ ಹೋಗುತ್ತಾ ಮೂರೂ 1 ಆಗುವ ವರ್ಷ ಹುಡುಕಿದರೆ ಸಿಗುವುದೇ ಕ್ರಿಸ್ತಪೂರ್ವ 4713. ತಾಳೆ ನೋಡುವುದು ಸುಲಭ. 4713ನ್ನು ಒಂದನೇ ವರ್ಷ ಎಂದು ಎಣಿಸಿದರೆ ಕ್ರಿಸ್ತಶಕ 1 ಎನ್ನುವುದು 4714ನೇ ವರ್ಷ. 4714ನ್ನು 28ರಿಂದ ಭಾಗಿಸಿ, ಶೇಷ 10. 19ರಿಂದ ಭಾಗಿಸಿ, ಶೇಷ 2. 15ರಿಂದ ಭಾಗಿಸಿ, ಶೇಷ 4. ಸರಿಹೋಯಿತು. ನಮಗೆ ಗೊತ್ತಿರುವ ಲಿಖಿತ ಇತಿಹಾಸವೆಲ್ಲ ಈ ವರ್ಷದ ಈಚೆಗೇ ಬರುವುದರಿಂದ ಋಣ ಸಂಖ್ಯೆಗಳ ಕಾಟ ತಪ್ಪಿತು.

ಸ್ಕ್ಯಾಲಿಜರ್ ಎಣಿಸಿದ್ದು ವರ್ಷಗಳನ್ನು. ಅದನ್ನು ಖಗೋಳದವರು ದಿನಗಳ ಎಣಿಕೆಯಾಗಿ ಬಳಸುವಂತೆ ಮಾಡಿದವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್, 1849ರಲ್ಲಿ. ಒಂದು ವಿಷಯ ಗಮನಿಸಿ. ಸೊನ್ನೆಯ ದಿನವನ್ನು ಜನವರಿ 1 ಎನ್ನುವುದು ಹಳೆಯ ಜೂಲಿಯನ್ ಪಂಚಾಂಗದ ಪ್ರಕಾರ. ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರನ್ನು ಹಿಂದಕ್ಕೆ ಎಳೆದರೆ ಅದೇ ದಿನ ಕ್ರಿಸ್ತಪೂರ್ವ 4714ರ ನವೆಂಬರ್ 24 ಆಗುತ್ತದೆ. ಎರಡು ಪುಸ್ತಕಗಳಲ್ಲಿ ಎರಡು ತಾರೀಖು ಕಂಡರೆ ಗಾಬರಿ ಬೇಡ. ದಿನ ಒಂದೇ. 1582ರಲ್ಲಿ ಕ್ಯಾಲೆಂಡರ್ ತಿದ್ದಿದಾಗ ಅಕ್ಟೋಬರ್ 4ರ ಮರುದಿನವನ್ನೇ ಅಕ್ಟೋಬರ್ 15 ಎಂದು ಕರೆದರು. ಆಗಲೂ ಈ ಎಣಿಕೆ ಒಂದೇ ಒಂದು ಹೆಜ್ಜೆ ಮುಂದೆ ಹೋಯಿತು, ಅಷ್ಟೇ.

ಇಂಥ ಎಣಿಕೆ ನಮಗೇನೂ ಹೊಸದಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಪಂಚಾಂಗದ ಗಣಿತ ಬಲ್ಲವರಿದ್ದರೆ ಅಹರ್ಗಣ ಎಂದರೆ ಏನು ಅಂತ ಕೇಳಿ. ಕಲಿಯುಗದ ಆರಂಭದಿಂದ ಕಳೆದ ದಿನಗಳ ಎಣಿಕೆಗೆ ಕಲಿ ಅಹರ್ಗಣ ಎನ್ನುತ್ತಾರೆ. ಗ್ರಹಗಳ ಸ್ಥಾನ ತೆಗೆಯಲು ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಮೊದಲ ಹೆಜ್ಜೆಯೇ ಅದು. ಸೊನ್ನೆಯ ದಿನ ಬೇರೆ, ಉಪಾಯ ಒಂದೇ. ಎರಡಕ್ಕೂ ಇರುವ ಅಂತರವನ್ನು 588465.5 ಎಂದು ಇಟ್ಟುಕೊಳ್ಳುವುದು ವಾಡಿಕೆ. ಸೆಪ್ಟೆಂಬರ್ 7ರ ಗ್ರೀನಿಚ್ ನಡುರಾತ್ರಿಯ 2460925.5ರಿಂದ ಅದನ್ನು ಕಳೆದರೆ 1872460. ಆ ದಿನದ ಕಲಿ ಅಹರ್ಗಣ ಅದೇ.

ಅಹರ್ಗಣ ಸರಿ ಬಂತೋ ಇಲ್ಲವೋ ಎಂದು ನೋಡಲು ಹಳಬರು ಏಳರಿಂದ ಭಾಗಿಸಿ ವಾರ ತಾಳೆ ಮಾಡುತ್ತಿದ್ದರು. ಕಲಿಯುಗದ ಲೆಕ್ಕ ಶುಕ್ರವಾರದಿಂದ. 1872460ನ್ನು ಏಳರಿಂದ ಭಾಗಿಸಿದರೆ ಶೇಷ 2, ಶುಕ್ರವಾರದಿಂದ ಎರಡು ಮುಂದೆ ಭಾನುವಾರ. ಜೂಲಿಯನ್ ದಿನಕ್ಕೂ ಇದನ್ನೇ ಮಾಡಿ. ಇಲ್ಲಿ ಶೇಷ 0 ಬಂದರೆ ಸೋಮವಾರ. 2460926ಕ್ಕೆ ಶೇಷ 6, ಅಂದರೆ ಭಾನುವಾರ. ಗ್ರಹಣ ಶುರುವಾದದ್ದು ಭಾನುವಾರವೇ. ಪೂರ್ಣಾಂಕದಲ್ಲಿ ಒಂದು ದಿನ ಆಚೀಚೆ ಆದರೆ ಈ ಪರೀಕ್ಷೆ ತಕ್ಷಣ ಹೇಳಿಬಿಡುತ್ತದೆ. ಆದರೆ ಸಿಗುವುದು ಆ ಸಂಜೆಯ ವಾರ ಎನ್ನುವುದು ನೆನಪಿರಲಿ. ರಾತ್ರಿ 1:26ಕ್ಕೂ ಅದು ಭಾನುವಾರ ಎಂದೇ ಹೇಳುತ್ತದೆ. ಅರ್ಧ ದಿನದ ತಪ್ಪನ್ನಾಗಲಿ ಐದೂವರೆ ಗಂಟೆಯ ತಪ್ಪನ್ನಾಗಲಿ ಈ ಪರೀಕ್ಷೆ ಎಲ್ಲ ಸಲವೂ ಹಿಡಿಯುತ್ತದೆ ಎನ್ನುವಂತಿಲ್ಲ.

ಸಂಜೆ ಐದೂವರೆಯ ಗಡಿಯಲ್ಲೇ ಏನಾದರೂ ನಡೆದರೆ ಜಾಸ್ತಿ ಹುಷಾರಾಗಿರಬೇಕು. 2026ರ ಮಾರ್ಚ್ 3ರ ಚಂದ್ರಗ್ರಹಣ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಸಮಯದಲ್ಲಿ ಖಗ್ರಾಸ ಶುರುವಾಗುವುದು ಸಂಜೆ 4:34ಕ್ಕೆ, ಮುಗಿಯುವುದು 5:33ಕ್ಕೆ. ಮೋಕ್ಷ 6:48ಕ್ಕೆ. ದಾವಣಗೆರೆಯಲ್ಲಿ ಅಂದು ಚಂದ್ರ ಹುಟ್ಟುವುದೇ ಆರೂವರೆಯ ಆಸುಪಾಸಿಗೆ, ಹಾಗಾಗಿ ಕಾಣುವುದು ಕೊನೆಯ ತುಣುಕು ಮಾತ್ರ. ಆದರೆ ಲೆಕ್ಕ ಪೂರ್ತಿ ಮಾಡೋಣ. ಮಾರ್ಚ್ 3ರ ಸಂಜೆ 5:30ಕ್ಕೆ ಸಂಖ್ಯೆ 2461103 ಆಗುತ್ತದೆ. 4:34 ಅದಕ್ಕಿಂತ ಮೊದಲು. ಹಾಗಾಗಿ ಹಿಂದಿನ ಸಂಜೆಯಿಂದ ಎಣಿಸಬೇಕು: 23 ಗಂಟೆ 4 ನಿಮಿಷ, 2461102.9611. ಖಗ್ರಾಸ ಮುಗಿಯುವಾಗ ಹೊಸ ದಿನ ಹುಟ್ಟಿ ಮೂರೇ ನಿಮಿಷ: 2461103.0021. ಕಳೆದರೆ 0.0410 ದಿನ, 59 ನಿಮಿಷ. ಒಂದೇ ತಾರೀಖು, ಒಂದೇ ಸಂಜೆ ಎಂದು ಎರಡಕ್ಕೂ 2461103 ಹಾಕಿದವರಿಗೆ ಖಗ್ರಾಸ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ.

ಇನ್ನು ಕಂಪ್ಯೂಟರಿನ ವಿಷಯ. ಎಕ್ಸೆಲ್‌ನಲ್ಲಿ A2 ಕೋಶದಲ್ಲಿ ನಮ್ಮ ತಾರೀಖು ಮತ್ತು ಸಮಯ ಇದ್ದರೆ ಪಕ್ಕದ ಕೋಶದಲ್ಲಿ ಇದನ್ನು ಹಾಕಿ:

```
=A2-5.5/24+2415018.5
```

ಎಕ್ಸೆಲ್ ಒಳಗೊಳಗೇ ತಾರೀಖನ್ನು ದಿನಗಳ ಎಣಿಕೆಯಾಗಿಯೇ ಇಟ್ಟುಕೊಂಡಿರುತ್ತದೆ. 2415018.5 ಅದರ ಎಣಿಕೆಗೂ ನಮ್ಮದಕ್ಕೂ ಇರುವ ಅಂತರ. 1:26ಕ್ಕೆ ತಾರೀಖು ಸೆಪ್ಟೆಂಬರ್ 8 ಎಂದೇ ಟೈಪ್ ಮಾಡಬೇಕು. ಕೋಶದಲ್ಲಿ ಕನಿಷ್ಠ ನಾಲ್ಕು ದಶಮಾಂಶ ಕಾಣುವಂತೆ ಇಡಿ. ಎರಡೇ ದಶಮಾಂಶ ಬರೆದರೆ ಕೊನೆಯ ಅಂಕಿ ಒಂದು ಏರಿದರೂ 14 ನಿಮಿಷ ಹೋಯಿತು. ನಾಲ್ಕಿದ್ದರೆ ಅದು ಸುಮಾರು 9 ಸೆಕೆಂಡ್. ಕಣ್ಣಿನಿಂದ ನೋಡಿದ ಗ್ರಹಣಕ್ಕೆ ಅಷ್ಟು ಧಾರಾಳವಾಗಿ ಸಾಕು.

ನಿಮ್ಮಂಥ ವಿದ್ಯಾರ್ಥಿಗಳ ಪ್ರಾಜೆಕ್ಟ್‌ನಲ್ಲಿ ಬರುವ ಇನ್ನೊಂದು ತೊಡಕು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನದ್ದು. ಅದರ ಊನೊ R3 ಬೋರ್ಡ್‌ನಲ್ಲಿ `double` ಎಂದು ಬರೆದರೂ ಅದು ನಡೆಯುವುದು `float` ಆಗಿಯೇ. ಅದರಲ್ಲಿ ಏಳು ಅಂಕಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಜೂಲಿಯನ್ ದಿನದ ಪೂರ್ಣಾಂಕಕ್ಕೇ ಏಳು ಅಂಕಿ ಖರ್ಚಾಗುತ್ತದೆ. ಈ ಗಾತ್ರದ ಸಂಖ್ಯೆಗೆ `float`ನಲ್ಲಿ ಸಿಗುವ ಅತಿ ಚಿಕ್ಕ ಹೆಜ್ಜೆ 0.25 ದಿನ, ಆರು ಗಂಟೆ! ನಿಮ್ಮ ಸ್ಪರ್ಶ ಕಾಲವನ್ನು ಅದರಲ್ಲಿ ಇಟ್ಟರೆ 2460926.25 ಆಗಿ ಕೂರುತ್ತದೆ. ಮೋಕ್ಷದ .3306 ಕೂಡ ಅಲ್ಲಿಗೇ ಬರುತ್ತದೆ. ಅವಧಿ ಸೊನ್ನೆ. ನಿಮ್ಮ ಪಟ್ಟಿಯಲ್ಲಿ ಎಲ್ಲ ಸಮಯಗಳೂ .0, .25, .5, .75 ಎಂದೇ ಕೊನೆಯಾಗುತ್ತಿದ್ದರೆ ಕಾರಣ ಇದೇ. ಪೂರ್ಣಾಂಕವನ್ನು ಒಂದು `long`ನಲ್ಲಿ, ಐದೂವರೆಯಿಂದ ಕಳೆದ ಸೆಕೆಂಡುಗಳನ್ನು ಇನ್ನೊಂದು `long`ನಲ್ಲಿ ಇಟ್ಟುಕೊಳ್ಳಿ. ಸರಿಹೋಗುತ್ತದೆ.

ಉದ್ದ ಸಂಖ್ಯೆಯ ರಗಳೆ ಬೇಡವೆಂದು 2400000.5 ಕಳೆದು ಬರೆಯುವ ಪದ್ಧತಿಯೂ ಇದೆ. ಅದನ್ನು `MJD` ಎಂದು ಬರೆಯುತ್ತಾರೆ. ಆ .5 ಕಳೆದದ್ದರಿಂದ ಅದರ ದಿನ ಬದಲಾಗುವುದು ಗ್ರೀನಿಚ್ ನಡುರಾತ್ರಿಗೆ, ನಮಗೆ ಬೆಳಗ್ಗೆ 5:30ಕ್ಕೆ. ನಿಮ್ಮ ಸ್ಪರ್ಶ ಕಾಲ ಅದರಲ್ಲಿ 60925.6854. ನಿಮ್ಮ ಗೆಳೆಯನ ಸಂಖ್ಯೆಯ ಬಾಲ ಇದೇ ಅಲ್ವಾ? ಅವರು ಇಂಥ ಒಂದು ಕೋಷ್ಟಕ ನೋಡಿ ಮುಂದೆ ಬರೀ 24 ಲಕ್ಷ ಕೂಡಿಸಿರಲೂಬಹುದು. ಆ ಅರ್ಧವನ್ನೂ ಕೂಡಿಸಿದ್ದರೆ ಅವರ ಉತ್ತರ ಸರಿಯಾಗಿರುತ್ತಿತ್ತು.

ಪ್ರಾಜೆಕ್ಟ್‌ನಲ್ಲಿ ಸ್ಪರ್ಶ 2460926.1854, ಮೋಕ್ಷ 2460926.3306 ಎಂದು ಬರೆಯಿರಿ. ಪಕ್ಕದಲ್ಲಿ ನೀವು ನೋಡಿದ ಗಡಿಯಾರದ ಸಮಯವನ್ನೂ, 7/8 ಸೆಪ್ಟೆಂಬರ್ ರಾತ್ರಿ ಎಂದು ಎರಡೂ ತಾರೀಖನ್ನೂ ಹಾಗೇ ಉಳಿಸಿ. ನೋಡಿದ್ದನ್ನು ಅಳಿಸಿ ಬರೀ ಲೆಕ್ಕ ಹಾಕಿದ್ದನ್ನು ಇಟ್ಟರೆ, ಮುಂದೆ ತಪ್ಪು ಸಿಕ್ಕಿದಾಗ ತಿದ್ದಲು ಏನೂ ಉಳಿದಿರುವುದಿಲ್ಲ.